ಸೀರಿಯಲ್ ಟೂಸ್ ಕಾಂಪ್ಲಿಮೆಂಟ್: ಒಂದು ಫ್ಲಿಪ್-ಫ್ಲಾಪ್, ಎರಡು ಗೇಟ್, ಮತ್ತು 88

ಬೈನರಿಯಲ್ಲಿ ಸಂಖ್ಯೆಯ ಋಣರೂಪವಾದ ಟೂಸ್ ಕಾಂಪ್ಲಿಮೆಂಟ್ ತೆಗೆಯಲು ಪೆನ್ಸಿಲ್ ಹಿಡಿದವರೆಲ್ಲ ಬಳಸುವ ಒಂದು ಅಡ್ಡದಾರಿ ಇದೆ. ಬಲತುದಿಯಿಂದ ಎಡಕ್ಕೆ ಬರುತ್ತ ಹೋಗಿ, ಮೊದಲ 1 ಸಿಗುವವರೆಗೆ, ಆ 1 ಅನ್ನೂ ಸೇರಿಸಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅಲ್ಲಿಂದಾಚೆಗೆ ಬಂದ ಬಿಟ್‌ಗಳನ್ನೆಲ್ಲ ತಿರುವಿ ಹಾಕಿ. ಬಿಟ್‌ಗಳು ಒಂದೇ ತಂತಿಯ ಮೇಲೆ ಒಂದಾದ ಮೇಲೊಂದು ಬರುವ ಸರ್ಕ್ಯೂಟ್‌ಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ನಾನು ಇದನ್ನು ಮೊದಲು ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದೆ, ಆಮೇಲೆ ವೆರಿಲಾಗ್‌ನಲ್ಲಿ ಬರೆದೆ. ಕಟ್ಟುವುದು ಸುಲಭ. ಹೆಚ್ಚು ಯೋಚನೆ ಬೇಡಿದ್ದು ಕಟ್ಟಿದ್ದು ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ. ಈ ಬರಹದ ಹೆಚ್ಚಿನ ಪಾಲು ಅದರ ಬಗ್ಗೆಯೇ.

ಮೆಷಿನ್ ನೆನಪಿಟ್ಟುಕೊಳ್ಳಬೇಕಾದ ಸಂಗತಿ ಒಂದೇ: ಇಲ್ಲಿಯವರೆಗೆ 1 ಬಂದಿದೆಯೇ ಇಲ್ಲವೇ. ಹಾಗಾಗಿ ಸ್ಟೇಟ್ ಎರಡೇ, ಫ್ಲಿಪ್-ಫ್ಲಾಪ್ ಒಂದೇ. ಅದರ ಔಟ್‌ಪುಟ್ `q` ಎಂದುಕೊಳ್ಳೋಣ. 1 ಬಂದಿಲ್ಲದಿದ್ದರೆ 0, ಬಂದಿದ್ದರೆ 1. ಒಳಬರುವ ಬಿಟ್ `x`, ಹೊರಹೋಗುವ ಬಿಟ್ `y`. `q` ಸೊನ್ನೆಯಾಗಿದ್ದಾಗ `x` ಹಾಗೇ ದಾಟುತ್ತದೆ, ಒಂದಾಗಿದ್ದಾಗ ತಿರುವಾಗಿ ದಾಟುತ್ತದೆ. ಅಂದರೆ ಒಂದು ಎಕ್ಸಾರ್ ಗೇಟ್. ಒಮ್ಮೆ 1 ಬಂದರೆ `q` ಮತ್ತೆ ಕೆಳಗಿಳಿಯಬಾರದು. ಅದಕ್ಕೆ ಒಂದು ಆರ್ ಗೇಟ್.

```
y      = x XOR q
q_next = x OR q
```

ಈಗಿನ `x` ನೇರವಾಗಿ `y` ಅನ್ನು ತಟ್ಟುವುದರಿಂದ ಇದು ಮೀಲಿ ಮೆಷಿನ್. ಬಿಟ್ ಒಳಬಂದ ಕ್ಲಾಕ್ ಅವಧಿಯಲ್ಲೇ ಅದರ ಉತ್ತರವೂ ಹೊರಗಿರುತ್ತದೆ. ಇದನ್ನೇ ಮೂರ್ ಮೆಷಿನ್ ಆಗಿ ಮಾಡಹೊರಟರೆ ಔಟ್‌ಪುಟ್ ಸ್ಟೇಟ್‌ನಿಂದಲೇ ಬರಬೇಕು. ಆಗ ಮೂರು ಸ್ಟೇಟ್, ಎರಡು ಫ್ಲಿಪ್-ಫ್ಲಾಪ್ ಬೇಕಾಗುತ್ತವೆ, ಉತ್ತರವೂ ಒಂದು ಕ್ಲಾಕ್ ತಡವಾಗುತ್ತದೆ.

ಅಡ್ಡದಾರಿ ಯಾಕೆ ಸರಿ ಎನ್ನುವುದೂ ಈ ಎರಡು ಸಾಲುಗಳಲ್ಲೇ ಇದೆ. ಟೂಸ್ ಕಾಂಪ್ಲಿಮೆಂಟ್ ಎಂದರೆ ಎಲ್ಲ ಬಿಟ್ ತಿರುವಿ 1 ಕೂಡಿಸುವುದು. ಅದನ್ನು ಸೀರಿಯಲ್ ಆಗಿ ಮಾಡಿದರೆ ಆರಂಭದಲ್ಲಿ ಕ್ಯಾರಿ 1 ಇರುತ್ತದೆ. ತಿರುವಿದ ಬಿಟ್ 1 ಆಗಿರುವಷ್ಟು ಕಾಲ, ಅಂದರೆ ಮೂಲ ಬಿಟ್ 0 ಆಗಿರುವಷ್ಟು ಕಾಲ, ಆ ಕ್ಯಾರಿ ಮುಂದಕ್ಕೆ ಸಾಗುತ್ತದೆ. ಮೂಲದಲ್ಲಿ 1 ಸಿಕ್ಕ ಕೂಡಲೇ ಕ್ಯಾರಿ ಅಲ್ಲೇ ಮುಗಿಯುತ್ತದೆ, ಮತ್ತೆ ಹುಟ್ಟುವುದಿಲ್ಲ. ನಮ್ಮ `q` ಅಂದರೆ ಆ ಕ್ಯಾರಿಯ ತಿರುವು, ಅಷ್ಟೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಬರುವ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ.

ಬ್ರೆಡ್‌ಬೋರ್ಡ್ ಮೇಲೆ ನಾನು `74HC165` ಶಿಫ್ಟ್ ರಿಜಿಸ್ಟರ್‌ನಿಂದ ಎಂಟು ಬಿಟ್ ಹೊರಗೆ ಕಳಿಸಿದೆ, `74HC164` ಒಳಗೆ ಉತ್ತರ ಕೂಡಿಸಿಕೊಂಡೆ. ನಡುವೆ ಫ್ಲಿಪ್-ಫ್ಲಾಪ್‌ಗೆ `74HC74`ರ ಅರ್ಧ, ಎಕ್ಸಾರ್‌ಗೆ `74HC86`ರ ಒಂದು ಗೇಟ್, ಆರ್‌ಗೆ `74HC32`ರ ಒಂದು ಗೇಟ್. 165, 164, 74, ಈ ಮೂರೂ ಕಡೆ ಏರುವ ಅಂಚಿನ ಅದೇ ಕ್ಲಾಕ್. ಇಲ್ಲಿ ಗಮನಿಸಬೇಕಾದದ್ದು 165ರ ವೈರಿಂಗ್. ಅದು `H` ಪಿನ್‌ನ ಬಿಟ್ ಅನ್ನು ಮೊದಲು ಹೊರಹಾಕುತ್ತದೆ, ಆದ್ದರಿಂದ ಬಲತುದಿಯ ಬಿಟ್, ಅಂದರೆ ಎಲ್‌ಎಸ್‌ಬಿ, `H`ಗೆ ಹೋಗಬೇಕು. ಎಂಟು ಕ್ಲಾಕ್ ಆದಮೇಲೆ 164ರಲ್ಲೂ ಎಲ್‌ಎಸ್‌ಬಿ `QH`ನಲ್ಲಿ ಕೂತಿರುತ್ತದೆ. ಲೋಡ್ ಆದ ಕೂಡಲೇ, ಒಂದೂ ಕ್ಲಾಕ್ ಬರುವ ಮೊದಲೇ, ಮೊದಲ ಬಿಟ್ ಮತ್ತು ಅದರ ಉತ್ತರ ಎರಡೂ ಸಿದ್ಧವಾಗಿರುತ್ತವೆ. ಹಾಗಾಗಿ ಎಂಟು ಬಿಟ್‌ಗೆ ಎಂಟೇ ಕ್ಲಾಕ್, ಒಂಬತ್ತಲ್ಲ.

165ರ ಲೋಡ್ ಪಿನ್ ಕೆಳಗಿದ್ದಾಗ ಕೆಲಸ ಮಾಡುತ್ತದೆ, 74ರ ಕ್ಲಿಯರ್ ಪಿನ್ ಕೂಡ ಹಾಗೆಯೇ. ಎರಡೂ ಕ್ಲಾಕ್‌ಗೆ ಕಾಯುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ಬಟನ್‌ಗೆ ಸೇರಿಸಿದೆ. ಹೊಸ ಸಂಖ್ಯೆ ತುಂಬುವಾಗಲೆಲ್ಲ `q` ತಾನಾಗಿಯೇ ಸೊನ್ನೆಗೆ ಬರುತ್ತದೆ. ಈ ಸರ್ಕ್ಯೂಟ್‌ನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ತಂತಿ ಇದೇ. ಕ್ಲಾಕ್ ಬಟನ್‌ಗೆ ಮಾತ್ರ ಡಿಬೌನ್ಸ್ ಮಾಡಲೇಬೇಕು, ಇಲ್ಲದಿದ್ದರೆ ಒಂದು ಒತ್ತಿಗೆ ಮೂರು ನಾಲ್ಕು ಬಿಟ್ ಜಾರಿಹೋಗುತ್ತವೆ.

ಪರೀಕ್ಷೆಗೆ ನಾನು ಆರಿಸಿಕೊಂಡ ಸಂಖ್ಯೆ 88, ಬೈನರಿಯಲ್ಲಿ `01011000`. ಎಲ್‌ಎಸ್‌ಬಿ ಕಡೆಯಿಂದ ಬಿಟ್‌ಗಳು ಹೀಗೆ ಬರುತ್ತವೆ:

```
x : 0 0 0 1 1 0 1 0
q : 0 0 0 0 1 1 1 1
y : 0 0 0 1 0 1 0 1
```

`y` ಅನ್ನು ಹಿಂದುಮುಂದಾಗಿ ಓದಿದರೆ `10101000`, ಅಂದರೆ 168. 256ರಿಂದ 88 ಕಳೆದರೂ 168. ನಾಲ್ಕನೆಯ ಬಿಟ್ ನೋಡಿ: `x` ಒಂದಾಗಿದ್ದರೂ `q` ಇನ್ನೂ ಸೊನ್ನೆ. ಆ 1 ಹಾಗೇ ದಾಟಿ, ಆಮೇಲೆ ಬರುವ ಕ್ಲಾಕ್ ಅಂಚಿನಲ್ಲಿ `q` ಏರುತ್ತದೆ.

88 ಯಾಕೆ, 5 ಅಥವಾ 7 ಯಾಕಲ್ಲ? ಸರ್ಕ್ಯೂಟ್ ಸರಿಯಿದ್ದಾಗ ಯಾವ ಸಂಖ್ಯೆಯಾದರೂ ನಡೆದೀತು. ಸರಿಯಿಲ್ಲದಿದ್ದಾಗ ಎಲ್ಲಿ ತಪ್ಪಿದೆ ಎಂದು ಉತ್ತರವೇ ಹೇಳಬೇಕು. ಅದಕ್ಕಾಗಿ ನಾನು ಬೇಕೆಂತಲೇ ಒಂದೊಂದು ದೋಷ ಹಾಕಿ ಉತ್ತರ ಬರೆದಿಟ್ಟುಕೊಂಡೆ.

ಮೊದಲನೆಯದು, ರೀಸೆಟ್ ಆಗದಿರುವುದು. ಕ್ಲಿಯರ್ ತಂತಿ ಕಿತ್ತುಹಾಕಿ ಎರಡನೆಯ ಸಲ ಅದೇ 88 ಕೊಟ್ಟರೆ ಹಿಂದಿನ ಸಂಖ್ಯೆಯಿಂದ `q` ಒಂದರಲ್ಲೇ ನಿಂತಿರುತ್ತದೆ. ಎಲ್ಲ ಬಿಟ್‌ಗಳೂ ತಿರುವಾಗಿ `10100111`, ಅಂದರೆ 167 ಬರುತ್ತದೆ. ಆರಂಭದ ಕ್ಯಾರಿ ಕೂಡಲಿಲ್ಲ, ಹಾಗಾಗಿ ಸರಿ ಉತ್ತರಕ್ಕಿಂತ ಸರಿಯಾಗಿ ಒಂದು ಕಡಿಮೆ. ಈ ದೋಷದ ಇನ್ನೊಂದು ಗುರುತು: ಮೊದಲ ಸಂಖ್ಯೆ ಸರಿ ಬರುತ್ತದೆ, ಉಳಿದವೆಲ್ಲ ಒಂದು ಕಡಿಮೆ ಬರುತ್ತವೆ.

ಎರಡನೆಯದು, ಉತ್ತರವನ್ನು ಕ್ಲಾಕ್ ಅಂಚು ಕಳೆದಮೇಲೆ ಓದುವುದು. 165ರ ಬದಲು `x` ಅನ್ನು ಕೈ ಸ್ವಿಚ್‌ನಿಂದ ಕೊಟ್ಟಾಗ ಇದು ಚೆನ್ನಾಗಿ ಕಾಣುತ್ತದೆ. ಸ್ವಿಚ್ 1ಕ್ಕೆ ಹಾಕಿದಾಗ `y`ಯ ಎಲ್‌ಇಡಿ ಹೊತ್ತುತ್ತದೆ. ಕ್ಲಾಕ್ ಒತ್ತಿದ ಕೂಡಲೇ `q` ಏರಿ ಅದೇ ಎಲ್‌ಇಡಿ ಆರುತ್ತದೆ, `x` ಇನ್ನೂ 1 ಆಗಿಯೇ ಇದ್ದರೂ. ಕ್ಲಾಕ್ ಒತ್ತುವ ಮೊದಲು ಕಂಡದ್ದೇ ನಿಜವಾದ ಉತ್ತರ, ಒತ್ತಿದಮೇಲೆ ಕಂಡದ್ದು ಹೊಸ ಸ್ಟೇಟ್ ಮತ್ತು ಹಳೆಯ ಬಿಟ್ ಬೆರೆತ ಸುಳ್ಳು. ಸಿಮ್ಯುಲೇಷನ್‌ನಲ್ಲೂ ಇದೇ ಕಥೆ: ಟೆಸ್ಟ್‌ಬೆಂಚ್ `x` ಅನ್ನು ಇಳಿಯುವ ಅಂಚಿನಲ್ಲಿ ಬದಲಿಸಿ, ಏರುವ ಅಂಚಾದ ಒಂದೆರಡು ನ್ಯಾನೊಸೆಕೆಂಡ್ ನಂತರ `y` ಓದಿದರೆ ಈ ಸುಳ್ಳೇ ದಾಖಲಾಗುತ್ತದೆ. ಇದರಿಂದ ಕೆಡುವುದು ಒಂದೇ ಬಿಟ್, ಮೊದಲ 1. ಉಳಿದ ಬಿಟ್‌ಗಳಲ್ಲಿ ಅಂಚಿನ ಮೊದಲೂ ನಂತರವೂ `q` ಒಂದೇ ಇರುತ್ತದೆ. 88ಕ್ಕೆ `10100000`, ಅಂದರೆ 160 ಬರುತ್ತದೆ.

ಈಗ ಇದೇ ಎರಡು ದೋಷಗಳನ್ನು 5ರ ಮೇಲೆ ನೋಡಿ. ಸರಿ ಉತ್ತರ `11111011`. ರೀಸೆಟ್ ತಪ್ಪಿದರೆ `11111010`. ತಡವಾಗಿ ಓದಿದರೆ ಮೊದಲ 1 ಕಳೆದುಹೋಗಿ, ಅದೂ `11111010`. ಬೆಸ ಸಂಖ್ಯೆಯಲ್ಲಿ ಮೊದಲ 1 ಎಲ್‌ಎಸ್‌ಬಿಯಲ್ಲೇ ಇರುವುದರಿಂದ ಎರಡು ದೋಷಗಳೂ ಒಂದೇ ಮುಖವಾಡ ಹಾಕಿಕೊಳ್ಳುತ್ತವೆ. ಬೆಸ ಸಂಖ್ಯೆ ಕೊಟ್ಟು ದೋಷ ಹುಡುಕಿದವರು ಓದುವ ಸಮಯ ತಪ್ಪಿರುವಾಗ ರೀಸೆಟ್ ತಂತಿಯನ್ನು ಕೆದಕುತ್ತ ಕೂರುತ್ತಾರೆ. ಬಲತುದಿಯಲ್ಲಿ ಕೆಲವು ಸೊನ್ನೆ ಇರುವ ಸಂಖ್ಯೆ ಬೇಕು ಎನ್ನುವುದು ಇದಕ್ಕೇ.

ಮೂರನೆಯದು 165ರ ವೈರಿಂಗ್ ತಲೆಕೆಳಗಾಗಿ ಎಡತುದಿಯ ಬಿಟ್, ಅಂದರೆ ಎಂಎಸ್‌ಬಿ, ಮೊದಲು ಬರುವುದು. ಆಗ 230 ಬರುತ್ತದೆ. ಅದು 256ರಿಂದ 26 ಕಳೆದದ್ದು. 88ರ ಬಿಟ್‌ಗಳನ್ನು ಹಿಂದುಮುಂದು ಮಾಡಿದರೆ 26. ಮೆಷಿನ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಕೊಟ್ಟ ಸಂಖ್ಯೆಯೇ ಬೇರೆ. ಹೀಗೆ 168, 167, 160, 230, ನಾಲ್ಕು ಸ್ಥಿತಿಗೆ ನಾಲ್ಕು ಬೇರೆ ಉತ್ತರ.

ವೆರಿಲಾಗ್‌ಗೆ ಬಂದಾಗ ಸಂಖ್ಯೆಗಳ ನಡುವೆ ಬಿಡುವು ಇರಲಿಲ್ಲ. ಒಂದರ ಕೊನೆಯ ಬಿಟ್ ಮುಗಿದ ಮರುಕ್ಲಾಕ್‌ನಲ್ಲೇ ಮುಂದಿನದರ ಎಲ್‌ಎಸ್‌ಬಿ. ರೀಸೆಟ್‌ಗೆಂದು ಒಂದು ಕ್ಲಾಕ್ ಖರ್ಚು ಮಾಡುವಂತಿಲ್ಲ. ಕೊನೆಯ ಬಿಟ್ ಬಂದಿದೆ ಎಂದು ಹೇಳುವ `last` ಸಿಗ್ನಲ್ ತಂದು, ಆ ಬಿಟ್‌ನ ಅಂಚಿನಲ್ಲೇ `q` ಅನ್ನು ಸೊನ್ನೆ ಮಾಡಿದೆ.

```verilog
module neg_serial(input clk, rst, last, x,
                  output y);
  reg q;
  assign y = x ^ q;
  always @(posedge clk)
    if (rst | last) q <= 1'b0;
    else            q <= q | x;
endmodule
```

ಮೊದಲ ಬಿಟ್ ಅನ್ನು ಗುರುತಿಸುವ `first` ಸಿಗ್ನಲ್ ಬಳಸಿಯೂ ಮಾಡಬಹುದು. ಆದರೆ ಆಗ ಅದು `y`ಯ ದಾರಿಯಲ್ಲೇ ಒಂದು ಗೇಟ್ ಹೆಚ್ಚಿಸುತ್ತದೆ. ಮೀಲಿ ಔಟ್‌ಪುಟ್‌ಗೆ ಇನ್‌ಪುಟ್‌ನಿಂದ ನೇರ ದಾರಿ ಇರುವುದರಿಂದ, ಮುಂದಿನ ಘಟ್ಟಕ್ಕೆ ತಲುಪುವ ತಡ ಎಲ್ಲ ಸೇರುತ್ತ ಹೋಗುತ್ತದೆ. ಅದಕ್ಕೇ ನನಗೆ `last` ಮೇಲು ಎನ್ನಿಸಿತು. `x` ಮತ್ತು `q` ಒಂದೇ ಕ್ಷಣದಲ್ಲಿ ಬದಲಾಗದ ಕಾರಣ `y` ಮೇಲೆ ಸಣ್ಣ ಗ್ಲಿಚ್ ಕಾಣುತ್ತದೆ. ಮುಂದಿನ ರಿಜಿಸ್ಟರ್ ಅದೇ ಕ್ಲಾಕ್‌ನಲ್ಲಿ ಓದುವುದಾದರೆ ಅದರಿಂದ ತೊಂದರೆಯಿಲ್ಲ. `y` ಅನ್ನು ಬೇರೊಂದರ ಕ್ಲಾಕ್ ಆಗಿ ಅಥವಾ ಕ್ಲಿಯರ್ ಆಗಿ ಮಾತ್ರ ಎಂದೂ ಬಳಸಬೇಡಿ.

`last` ಇರುವುದರಿಂದ ಇನ್ನೊಂದು ಲಾಭ ಸಿಕ್ಕಿತು. ಕೊನೆಯ ಬಿಟ್ ಬಂದಾಗಲೂ `q` ಸೊನ್ನೆಯಲ್ಲೇ ಇದ್ದರೆ, ಕೆಳಗಿನ ಏಳು ಬಿಟ್‌ಗಳೂ ಸೊನ್ನೆ ಎಂದರ್ಥ. ಆಗ `x` ಕೂಡ 0 ಆದರೆ ಸಂಖ್ಯೆಯೇ ಸೊನ್ನೆ. `x` 1 ಆದರೆ ಅದು −128. ಎಂಟು ಬಿಟ್‌ನಲ್ಲಿ +128 ಹಿಡಿಸುವುದಿಲ್ಲ, `10000000` ಹಾಗೇ ಹೊರಬರುತ್ತದೆ. `last & x & ~q` ಎಂಬ ಒಂದೇ ಸಾಲು ಓವರ್‌ಫ್ಲೋ ಹಿಡಿದುಕೊಡುತ್ತದೆ.

ಇದೇ ಮೆಷಿನ್‌ನಿಂದ ಸಂಖ್ಯೆಯ ಚಿಹ್ನೆ ತೆಗೆದು ಬರೀ ಪರಿಮಾಣ ಕೊಡಿಸಬಹುದೇ ಎಂದೂ ನೋಡಿದೆ. ತಿರುವಬೇಕೋ ಬೇಡವೋ ಎಂದು ಹೇಳುವ ಚಿಹ್ನೆ ಬಿಟ್ ಎಲ್ಲಕ್ಕಿಂತ ಕೊನೆಗೆ ಬರುತ್ತದೆ, ಉತ್ತರವೋ ಮೊದಲ ಬಿಟ್‌ಗಳಿಂದಲೇ ಬೇಕು. ಹರಿಯುವಾಗಲೇ ಇದನ್ನು ಮಾಡಲು ಸಾಧ್ಯವಿಲ್ಲ. ಕೊನೆಗೆ ಎರಡು 164 ಇಟ್ಟು, ಒಂದಕ್ಕೆ `x`, ಇನ್ನೊಂದಕ್ಕೆ `y` ತುಂಬಿಸಿದೆ. ಎಂಟನೆಯ ಕ್ಲಾಕ್ ಆದಮೇಲೆ ಮೊದಲ 164ರ `QA`ನಲ್ಲಿ ಚಿಹ್ನೆ ಬಿಟ್ ಇರುತ್ತದೆ. ಅದೇ ಬಿಟ್ ಎರಡು `74HC157` ಮಲ್ಟಿಪ್ಲೆಕ್ಸರ್‌ಗಳ ಆಯ್ಕೆ ಪಿನ್‌ಗೆ ಹೋಗಿ, ಎರಡರಲ್ಲಿ ಒಂದನ್ನು ಆರಿಸುತ್ತದೆ. ಇಲ್ಲಿ −128 ಕೊಟ್ಟಾಗಲೂ ಬರುವುದು `10000000`, ಆದರೆ ಪರಿಮಾಣಕ್ಕೆ ಚಿಹ್ನೆ ಇಲ್ಲದ್ದರಿಂದ ಅದನ್ನು 128 ಎಂದೇ ಓದಬೇಕು, ಮತ್ತು ಅದು ಸರಿಯಾದ ಉತ್ತರ.