ಕಾಮಾ ಅಂದ್ರೆ ಕಾಮಾ ಅಂತಲೇ ಬರೆಯುವ ಮೈಕು

ಬಲಗೈ ಹೆಬ್ಬೆರಳಿನ ಬುಡ ನೋಯೋಕೆ ಶುರುವಾದ ಮೇಲೆ ಉದ್ದದ ಮೆಸೇಜುಗಳನ್ನೆಲ್ಲ ಫೋನಿನ ಮೈಕಿಗೆ ಮಾತಾಡಿಯೇ ಬರೆಯುತ್ತಿದ್ದೇನೆ. ಎರಡು ಸಾಲಿನದ್ದಾದರೆ ಏನೂ ತೊಂದರೆ ಇಲ್ಲ. ಇನ್ನೂರು ಮುನ್ನೂರು ಪದ ದಾಟಿದರೆ ಮಾತ್ರ ಅದೊಂದು ಉಸಿರು ಬಿಡದ ರೈಲು, ಎಲ್ಲಿ ವಾಕ್ಯ ಮುಗಿಯಿತು, ಎಲ್ಲಿ ಶುರುವಾಯಿತು ಅಂತ ಬರೆದ ನನಗೇ ಗೊತ್ತಾಗುವುದಿಲ್ಲ.

ಇಂಗ್ಲಿಷಿನಲ್ಲಿ ಮಾತಾಡುವಾಗ ಕಾಮಾ, ಕ್ವೆಶ್ಚನ್ ಮಾರ್ಕ್, ನ್ಯೂ ಲೈನ್ ಅಂದರೆ ಆ ಗುರುತೇ ಬೀಳುತ್ತದೆ. ಕನ್ನಡಕ್ಕೆ ಬದಲಾಯಿಸಿದರೆ ನನ್ನ ಫೋನಿನಲ್ಲಿ ಕಾಮಾ ಅಂದದ್ದು ಕಾಮಾ ಅಂತಲೇ ಅಕ್ಷರದಲ್ಲಿ ಬರುತ್ತದೆ. ಸ್ವಲ್ಪ ದಿನ ಬೈದುಕೊಂಡೆ. ಆಮೇಲೆ ಅನ್ನಿಸಿತು, ಬರಲಿ ಬಿಡು, ಪದವಾಗಿಯೇ ಬರಲಿ, ಕೊನೆಗೆ ಒಂದೇ ಸಲಕ್ಕೆ ಬದಲಿಸಿದರೆ ಆಯ್ತಲ್ವಾ? ಅಲ್ಲಿಂದ ದಾರಿ ಸಿಕ್ಕಿತು.

ಮೊದಲು ಪದಗಳನ್ನು ಆರಿಸುವುದರಲ್ಲೇ ಎಡವಿದೆ. ಶಾಲೆಯಲ್ಲಿ ಕಲಿತ ಅಲ್ಪವಿರಾಮ ಇದೆಯಲ್ಲ, ಅದನ್ನೇ ಹೇಳತೊಡಗಿದೆ. ಅದು ಅಕಾರದಿಂದ ಶುರುವಾಗುವ ಪದ. ನಾವು ಮಾತಾಡುವಾಗ ಹಿಂದಿನ ಪದದ ಕೊನೆಯ ಸ್ವರ ಹೋಗಿ ಇದಕ್ಕೆ ಅಂಟಿಕೊಳ್ಳುತ್ತದೆ. 'ಬಂದೆ ಅಲ್ಪವಿರಾಮ' ಅಂತ ಬೇಗ ಹೇಳಿ ನೋಡಿ, 'ಬಂದಲ್ಪವಿರಾಮ' ಅಂತ ಕೇಳಿಸುತ್ತದೆ. ನಿಮಗೆ ಕೇಳಿಸಿದ್ದೇ ಮೈಕಿಗೂ ಕೇಳಿಸುವುದು, ಒಂದೊಂದು ಸಲ ಒಂದೊಂದು ಥರ ಬರೆಯಿತು. ಹಾಗಾಗಿ ಗುರುತಿನ ಪದ ವ್ಯಂಜನದಿಂದ ಶುರುವಾಗಬೇಕು, ಮತ್ತು ಮಾಮೂಲಿ ಮಾತಿನಲ್ಲಿ ಬರುವಂಥದ್ದಾಗಿರಬಾರದು. ಈಗ ನನ್ನವು ಇಷ್ಟೇ: ಕಾಮಾ, ಪೂರ್ಣವಿರಾಮ, ಪ್ರಶ್ನೆ ಗುರುತು, ಹೊಸ ಪ್ಯಾರಾ. 'ಹೊಸ ಸಾಲು' ಅಂತ ಮೊದಲು ಇತ್ತು, ಆದರೆ ಅದು ನಿಜವಾದ ಮಾತಿನಲ್ಲೂ ಬಂದುಬಿಡುತ್ತದೆ, ಬಿಟ್ಟೆ. ತಪ್ಪಾದಾಗ ಹೇಳೋಕೆ ಇನ್ನೊಂದಿದೆ, 'ತಪ್ಪು ತಪ್ಪು'. ಅದರ ಕಥೆ ಆಮೇಲೆ.

ಪ್ರಶ್ನೆ ಗುರುತನ್ನು ಮಾತ್ರ ಯಾವತ್ತೂ ಬಿಡಬೇಡಿ. ಕನ್ನಡದಲ್ಲಿ ಎಷ್ಟೋ ಪ್ರಶ್ನೆಗಳು ಕೊನೆಯ ಒಂದು ದೀರ್ಘದ ಮೇಲೆ ನಿಂತಿರುತ್ತವೆ. 'ನಾಳೆ ಬರ್ತಾರಾ' ಅಂತ ನಾನು ಕೇಳಿದ್ದು 'ನಾಳೆ ಬರ್ತಾರೆ' ಅಂತ ಬಿದ್ದರೆ ಕೇಳಿದವನೇ ಉತ್ತರ ಕೊಟ್ಟ ಹಾಗೆ. ಪಕ್ಕದಲ್ಲಿ 'ಪ್ರಶ್ನೆ ಗುರುತು' ಅಂತ ಇದ್ದರೆ ಓದುವಾಗ ಕಣ್ಣಿಗೆ ಹೊಡೆಯುತ್ತದೆ, ಇಲ್ಲಿ ದೀರ್ಘ ಹೋಗಿದೆ ಅಂತ ತಿಳಿಯುತ್ತದೆ.

ಈಗ ಅಪ್ಪನ ಮೆಸೇಜಿನ ವಿಷಯ. ಅಪ್ಪನಿಗೆ ಕಾಮಾಲೆ ಆಗಿತ್ತು, ದಿನವೂ ಅಕ್ಕನಿಗೆ ಉದ್ದದ ವರದಿ ಕಳಿಸುತ್ತಿದ್ದೆ. ಮೈಕಿನಿಂದ ಬಂದ ಕಚ್ಚಾ ಸಾಲು ಹೀಗಿತ್ತು:

```
ಅಪ್ಪನಿಗೆ ಕಾಮಾಲೆ ಕಮ್ಮಿ ಆಗಿದೆ ಕಾಮಾ ಊಟ ಸೇರ್ತಾ ಇದೆ ಪೂರ್ಣ ವಿರಾಮ ನೀನು ಶುಕ್ರವಾರ ತಪ್ಪು ತಪ್ಪು ನೀನು ಶನಿವಾರ ಬರ್ತೀಯ ಪ್ರಶ್ನೆ ಗುರುತು ಹೊಸ ಪ್ಯಾರಾ ರಕ್ತದ ರಿಪೋರ್ಟು
```

ಕಂಪ್ಯೂಟರಿನಲ್ಲಿ ತೆರೆದು, ಎಲ್ಲಾ 'ಕಾಮಾ'ಗಳನ್ನು ',' ಮಾಡು ಅಂದೆ, ಮಿಕ್ಕಿದ್ದನ್ನೂ ಬದಲಿಸಿದೆ, ಓದದೆ ಕಳಿಸಿದೆ. ಐದು ನಿಮಿಷಕ್ಕೆ ಅಕ್ಕನ ಫೋನು. "ಅಪ್ಪನಿಗೆ ಲೇ ಅಂತೀಯೇನೋ?" ನೋಡಿದರೆ 'ಅಪ್ಪನಿಗೆ ,ಲೆ ಕಮ್ಮಿ ಆಗಿದೆ' ಅಂತ ಹೋಗಿದೆ. ಕಾಮಾಲೆಯ ತಲೆ ಹಾರಿ ಬರೀ ಲೆ ಉಳಿದಿತ್ತು.

ಮದ್ದು ತುಂಬಾ ಸುಲಭ. ಹುಡುಕುವಾಗ ಪದದ ಹಿಂದೊಂದು, ಮುಂದೊಂದು ಖಾಲಿ ಜಾಗ ಸೇರಿಸಿ ಹುಡುಕಬೇಕು. ಆಗ ಕಾಮಾಲೆ ಸಿಕ್ಕಿಬೀಳುವುದಿಲ್ಲ, ಮೈಕು ದೀರ್ಘ ನುಂಗಿ 'ಕಾಮ' ಅಂತ ಬರೆದದ್ದನ್ನು ಹುಡುಕುವಾಗ ಕಾಮಗಾರಿಯೂ ಬಚಾವು. ಬದಲಿಗೆ ಹಾಕುವುದು ಕಾಮಾ ಮತ್ತು ಅದರ ನಂತರ ಒಂದು ಜಾಗ. ಹಿಂದಿನ ಜಾಗವನ್ನೂ ಸೇರಿಸಿಯೇ ಹುಡುಕಿದ್ದರಿಂದ ಚಿಹ್ನೆ ಹಿಂದಿನ ಪದಕ್ಕೆ ಅಂಟಿ ಕೂರುತ್ತದೆ. ಪೂರ್ಣವಿರಾಮ ಕೆಲವೊಮ್ಮೆ ಒಂದೇ ಪದವಾಗಿ, ಕೆಲವೊಮ್ಮೆ ಒಡೆದು ಬರುತ್ತದೆ, ಅದಕ್ಕೆ ಎರಡು ಸಲ ಹುಡುಕುತ್ತೇನೆ. ಮೆಸೇಜಿನ ಕಟ್ಟಕಡೆಯ ಪೂರ್ಣವಿರಾಮದ ಮುಂದೆ ಜಾಗ ಇರುವುದಿಲ್ಲ, ಅದೊಂದು ಉಳಿದುಬಿಡುತ್ತದೆ, ಕೈಯಲ್ಲೇ ತಿದ್ದುತ್ತೇನೆ.

ಹೊಸ ಪ್ಯಾರಾಕ್ಕೆ ನಾನು ಬಳಸುವುದು ಲಿಬ್ರೆ ಆಫೀಸ್ ರೈಟರ್. `Ctrl+H` ಒತ್ತಿ, ರೆಗ್ಯುಲರ್ ಎಕ್ಸ್‌ಪ್ರೆಷನ್ ಆಯ್ಕೆಗೆ ಟಿಕ್ ಹಾಕಿ, ಬದಲಿಸುವ ಪೆಟ್ಟಿಗೆಯಲ್ಲಿ `\n` ಬರೆದರೆ ಅಲ್ಲಿಂದ ಹೊಸ ಪ್ಯಾರಾ ಶುರುವಾಗುತ್ತದೆ. ವರ್ಡ್‌ನಲ್ಲಾದರೆ `^p`. ಫೋನಿನಲ್ಲೇ ಮುಗಿಸಬೇಕಾದ ದಿನ ಪ್ಯಾರಾ ಮುರಿಯೋಕೆ ಎಂಟರ್ ಒತ್ತುತ್ತೇನೆ, ಆದರೆ ಬರೆಯುವುದು ನೋಟ್ಸ್‌ನಲ್ಲಿ, ಚಾಟ್ ಪೆಟ್ಟಿಗೆಯಲ್ಲಿ ಅಲ್ಲ. ಎಂಟರ್ ಒತ್ತಿದರೆ ಮೆಸೇಜ್ ಹೋಗುವ ಸೆಟ್ಟಿಂಗು ಆನ್ ಆಗಿದ್ದಾಗ ಅರ್ಧರ್ಧ ವಾಕ್ಯಗಳು ಆರೇಳು ತುಂಡಾಗಿ ಅಕ್ಕನ ಕೈ ಸೇರಿದ್ದೂ ಉಂಟು.

ಇನ್ನು ತಿದ್ದುಪಡಿ. ಶುಕ್ರವಾರ ಅಂದಮೇಲೆ ಶನಿವಾರ ಅಂತ ನೆನಪಾಯಿತು. ಮೊದಲೆಲ್ಲ ಮೈಕು ನಿಲ್ಲಿಸಿ, ಆ ಪದದ ಮೇಲೆ ಬೆರಳಿಟ್ಟು, ಅಳಿಸಿ, ಅದೊಂದು ಪದವನ್ನು ಮಾತ್ರ ಮತ್ತೆ ಹೇಳುತ್ತಿದ್ದೆ. ಅದರಿಂದ ಬೆರಳಿಗೂ ನೋವು, ಪದವೂ ಸರಿಯಾಗಿ ಬರುತ್ತಿರಲಿಲ್ಲ. ಯಾಕೆಂದರೆ ಮೈಕಿನ ಹಿಂದಿರುವ ತಂತ್ರಾಂಶ ಅಕ್ಕಪಕ್ಕದ ಪದಗಳನ್ನು ನೋಡಿಕೊಂಡು ಊಹೆ ಮಾಡುತ್ತದೆ. ಒಂಟಿಯಾಗಿ 'ಬೇಳೆ' ಅಂದರೆ ಬೆಳೆಯೋ ಬೇಳೆಯೋ ಅಂತ ಅದಕ್ಕೆ ತಿಳಿಯಲು ಆಧಾರವೇ ಇರುವುದಿಲ್ಲ. 'ಒಂದು ಲೋಟ ಬೇಳೆ ನೆನೆಹಾಕು' ಅಂದರೆ ಸರಿ ಬರುವ ಸಾಧ್ಯತೆ ಜಾಸ್ತಿ.

ಆದ್ದರಿಂದ ಈಗ ತಪ್ಪಿದರೆ ನಿಲ್ಲಿಸುವುದಿಲ್ಲ. 'ತಪ್ಪು ತಪ್ಪು' ಅಂದು, ಆ ವಾಕ್ಯವನ್ನು ಮೊದಲಿನಿಂದ ಹೇಳುತ್ತೇನೆ. ತಪ್ಪಿದ ಪದದಿಂದ ಅಲ್ಲ, ವಾಕ್ಯದ ಶುರುವಿನಿಂದಲೇ. ಇದು ಮುಖ್ಯ, ಯಾಕೆಂದರೆ ಆಗ ಅಳಿಸಬೇಕಾದ್ದು ಯಾವಾಗಲೂ ಹಿಂದಿನ ಪೂರ್ಣವಿರಾಮದಿಂದ 'ತಪ್ಪು ತಪ್ಪು' ತನಕ, ಯೋಚನೆಯೇ ಬೇಡ. ಚಿಹ್ನೆಗಳನ್ನೆಲ್ಲ ಬದಲಿಸಿದ ನಂತರ ಕೊನೆಯಲ್ಲಿ, ರೈಟರ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಟಿಕ್ ಹಾಗೇ ಇಟ್ಟು, ಇದನ್ನು ಹುಡುಕುತ್ತೇನೆ:

```
[^.?]*ತಪ್ಪು ತಪ್ಪು
```

ಬದಲಿಸುವ ಪೆಟ್ಟಿಗೆ ಖಾಲಿ. ಅಂದರೆ ಚುಕ್ಕಿ, ಪ್ರಶ್ನೆ ಗುರುತು ಎರಡೂ ಇಲ್ಲದೆ 'ತಪ್ಪು ತಪ್ಪು' ತನಕ ಬಂದದ್ದೆಲ್ಲ ಹೋಗು ಅಂತ. ಒಂದೇ ವಾಕ್ಯದಲ್ಲಿ ಎರಡು ಸಲ ತಡವರಿಸಿದ್ದರೆ ಎರಡನ್ನೂ ಒಟ್ಟಿಗೆ ನುಂಗುತ್ತದೆ. ಆದರೆ ಇದನ್ನು ಮಾತ್ರ ಎಲ್ಲಾ ಒಟ್ಟಿಗೆ ಬದಲಿಸಬೇಡಿ, ಒಂದೊಂದಾಗಿ ನೋಡಿ ಅಳಿಸಿ. ಹಿಂದಿನ ವಾಕ್ಯಕ್ಕೆ ಪೂರ್ಣವಿರಾಮ ಹೇಳೋಕೆ ಮರೆತಿದ್ದರೆ ಸರಿಯಾಗಿದ್ದ ಆ ವಾಕ್ಯವೂ ಜೊತೆಗೇ ಹೋಗುತ್ತದೆ. ಉಲ್ಟಾ ಕೂಡ ಆಗುತ್ತದೆ, ತಪ್ಪಾದ ವಾಕ್ಯದೊಳಗೆ 1.8 ಥರದ ಸಂಖ್ಯೆ ಇದ್ದರೆ ಅಳಿಸುವುದು ಆ ಚುಕ್ಕಿಯ ಮುಂದಿನದ್ದನ್ನಷ್ಟೇ, ಅದರ ಹಿಂದಿನ ಚೂರು ಉಳಿದುಕೊಳ್ಳುತ್ತದೆ. ಅಪ್ಪನ ರಕ್ತದ ರಿಪೋರ್ಟು ಹೇಳುವಾಗ ಹೀಗಾಗಿಯೇ ಒಂದು ಹಳೆ ಸಂಖ್ಯೆಯ ತಲೆ ಹೊಸ ವಾಕ್ಯದ ಪಕ್ಕದಲ್ಲಿ ಕೂತಿತ್ತು, ಕಳಿಸುವ ಮೊದಲು ಕಣ್ಣಿಗೆ ಬಿತ್ತು.

ಕೊನೆಯದಾಗಿ ಓದುವುದು. ಸ್ಪೆಲ್ ಚೆಕ್ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ, ಮೈಕು ತಪ್ಪು ಬರೆದಾಗಲೂ ಸಾಮಾನ್ಯವಾಗಿ ಸರಿಯಾದ ಕಾಗುಣಿತದ ಬೇರೆ ಪದವನ್ನೇ ಬರೆಯುತ್ತದೆ. ಹಾಲು ಹೋಗಿ ಹಾಳು ಬಂದರೆ ಕೆಂಪು ಗೆರೆ ಬೀಳುವುದಿಲ್ಲ. ಕಣ್ಣಲ್ಲಿ ಓದಿದರೆ ನಾನು ಹೇಳಿದ್ದೇ ನನಗೆ ಕಾಣುತ್ತದೆ, ಬರೆದದ್ದಲ್ಲ. ಅದಕ್ಕೆ ಫೋನಿನಲ್ಲಿರುವ ಗಟ್ಟಿಯಾಗಿ ಓದುವ ಸೌಲಭ್ಯಕ್ಕೆ ಕೊಟ್ಟು ಕೇಳಿಸಿಕೊಳ್ಳುತ್ತೇನೆ. ಕಾಮಾ ಪೂರ್ಣವಿರಾಮ ಸರಿ ಬಿದ್ದಿದ್ದರೆ ಅದು ಅಲ್ಲಲ್ಲಿ ನಿಂತು ಓದುತ್ತದೆ, ಎಲ್ಲಿ ನಿಲ್ಲದೆ ಓಡಿತೋ ಅಲ್ಲಿ ನಾನು ಗುರುತು ಹೇಳಿಲ್ಲ ಅಂತ ಅರ್ಥ. ಜನರ ಹೆಸರುಗಳನ್ನು ಮಾತ್ರ ಇವತ್ತಿಗೂ ಕೈಯಲ್ಲೇ ಬರೆಯುತ್ತೇನೆ, ಮಾತಾಡುವಾಗ ಆ ಜಾಗದಲ್ಲಿ 'ಅವರು' ಅಂದು ಮುಂದೆ ಹೋಗುತ್ತೇನೆ.