ಸ್ಪರ್ಶ ಸಮತಲದಿಂದ ಅಂದಾಜು ಬೆಲೆ ಕಂಡುಹಿಡಿಯುವುದು ಹೇಗೆ?

ಲಂಬಕೋನ ತ್ರಿಭುಜದ ಎರಡು ಬಾಹುಗಳು 3.02 ಮತ್ತು 3.97 ಮೀಟರ್ ಇವೆ. ಕ್ಯಾಲ್ಕುಲೇಟರ್ ಇಲ್ಲದೆ ವಿಕರ್ಣದ ಉದ್ದ ಎಷ್ಟೆಂದು ಹೇಳಬೇಕು. ಬಾಹುಗಳು 3 ಮತ್ತು 4 ಆಗಿದ್ದರೆ ಉತ್ತರ 5 ಎಂದು ಥಟ್ಟನೆ ಹೇಳಬಹುದಿತ್ತು. ನಮಗೆ ಗೊತ್ತಿರುವ ಆ 5ರಿಂದ ಹೊರಟು, ಬಾಹುಗಳಲ್ಲಾದ ಸಣ್ಣ ಬದಲಾವಣೆಗೆ ತಕ್ಕಂತೆ ಉತ್ತರವನ್ನು ಸರಿಪಡಿಸಿಕೊಳ್ಳುವ ದಾರಿಯೇ ಸ್ಪರ್ಶ ಸಮತಲ.

ಬಾಹುಗಳನ್ನು x, y ಎಂದು ಕರೆದರೆ ವಿಕರ್ಣವು ಎರಡು ಚರಗಳ ಫಂಕ್ಷನ್ ಆಗುತ್ತದೆ: f(x, y) = √(x² + y²). ಪ್ರತಿ (x, y) ಬಿಂದುವಿನ ಮೇಲೆ ಅಲ್ಲಿನ f ಬೆಲೆಯಷ್ಟು ಎತ್ತರವನ್ನು ಗುರುತಿಸುತ್ತಾ ಹೋದರೆ ಒಂದು ಮೇಲ್ಮೈ ಸಿಗುತ್ತದೆ. ನಮ್ಮ ಫಂಕ್ಷನ್‌ಗೆ ಅದು ತುದಿ ಕೆಳಗಿರುವ ಶಂಕು. ಅದನ್ನು (3, 4) ಬಿಂದುವಿನ ಮೇಲೆ ಮುಟ್ಟಿಕೊಂಡು, ಅಲ್ಲಿನ ಇಳಿಜಾರನ್ನೇ ಹೊಂದಿರುವ ಚಪ್ಪಟೆ ಹಲಗೆಯಂಥ ತಲ ನಮಗೆ ಬೇಕು. (a, b) ಬಿಂದುವಿನಲ್ಲಿ ಅದರ ಸಮೀಕರಣ ಹೀಗಿದೆ:

```
L(x, y) = f(a, b) + fx(a, b)·(x − a) + fy(a, b)·(y − b)
```

ಮೊದಲ ಹೆಜ್ಜೆ ಆಧಾರ ಬಿಂದುವಿನ ಆಯ್ಕೆ. ಅದು ನಮಗೆ ಬೇಕಾದ ಬಿಂದುವಿಗೆ ಹತ್ತಿರವಿರಬೇಕು, ಅಲ್ಲಿ f ಬೆಲೆ ಸುಲಭವಾಗಿ ಸಿಗಬೇಕು. ಇಲ್ಲಿ (3, 4) ಎರಡಕ್ಕೂ ಒಪ್ಪುತ್ತದೆ; f(3, 4) = 5.

ಎರಡನೆಯದು ಆಂಶಿಕ ನಿಷ್ಪನ್ನಗಳು, ಅಂದರೆ ಪಾರ್ಷಿಯಲ್ ಡೆರಿವೇಟಿವ್‌ಗಳು. y ಬದಲಾಗುವುದಿಲ್ಲ ಎಂದುಕೊಂಡು x ಕಡೆಗಿನ ಇಳಿಜಾರು ಕಂಡುಹಿಡಿದರೆ fx = x/√(x² + y²). ಅದೇ ರೀತಿ fy = y/√(x² + y²). ಈಗಲೇ ಇವೆರಡರಲ್ಲೂ (3, 4) ಆದೇಶಿಸಿ: fx = 3/5 = 0.6, fy = 4/5 = 0.8. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸಂಖ್ಯೆ ಹಾಕದೆ x/√(x² + y²) ಅನ್ನು ಹಾಗೆಯೇ ಸಮೀಕರಣಕ್ಕೆ ಸೇರಿಸಿಬಿಡುತ್ತಾರೆ. ನಿಮ್ಮ ಕೊನೆಯ ಸಮೀಕರಣದಲ್ಲಿ x, y ಮೊದಲ ಘಾತದಲ್ಲಲ್ಲದೆ ಬೇರೆ ರೂಪದಲ್ಲಿ ಕಂಡರೆ ಅದು ಸಮತಲವೇ ಅಲ್ಲ, ಹಿಂದೆ ಹೋಗಿ ನೋಡಿ.

ಮೂರನೆಯದು ವ್ಯತ್ಯಾಸಗಳು. x − 3 = 0.02, y − 4 = −0.03. ಹೊಸ ಬೆಲೆಯಿಂದಲೇ ಹಳೆಯದನ್ನು ಕಳೆಯಬೇಕು; y ಕಡಿಮೆಯಾಗಿರುವುದರಿಂದ ಋಣ ಚಿಹ್ನೆಯನ್ನು ಬಿಡುವಂತಿಲ್ಲ.

```
L = 5 + 0.6 × 0.02 + 0.8 × (−0.03)
  = 5 + 0.012 − 0.024
  = 4.988
```

ನಿಜವಾದ ಬೆಲೆ √24.8813, ಅಂದರೆ ಸುಮಾರು 4.988116. ತಪ್ಪು ಸುಮಾರು 0.00012 ಮೀಟರ್, ಒಂದು ಮಿಲಿಮೀಟರ್‌ನ ಎಂಟನೇ ಒಂದು ಭಾಗಕ್ಕಿಂತಲೂ ಕಡಿಮೆ.

ನಮ್ಮ ಅಂದಾಜು ನಿಜಕ್ಕಿಂತ ಕಡಿಮೆ ಬಂದದ್ದು ಆಕಸ್ಮಿಕವಲ್ಲ. ಶಂಕು ಎಲ್ಲಿಯೂ ತನ್ನ ಸ್ಪರ್ಶ ಸಮತಲಕ್ಕಿಂತ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಈ ಫಂಕ್ಷನ್‌ಗೆ ಅಂದಾಜು ಎಂದೂ ಹೆಚ್ಚಾಗದು. ಆದರೆ ಒಂದು ದಿಕ್ಕಿನಲ್ಲಿ ತಪ್ಪೇ ಇರುವುದಿಲ್ಲ. ಬಾಹುಗಳು 3.03 ಮತ್ತು 4.04 ಆದರೆ L = 5 + 0.018 + 0.032 = 5.05, ನಿಜವಾದ ವಿಕರ್ಣವೂ 5.05. ಎರಡೂ ಬಾಹುಗಳು ಒಂದೇ ಪ್ರಮಾಣದಲ್ಲಿ ಬೆಳೆದಾಗ ನಾವು ಶಂಕುವಿನ ಮೇಲಿರುವ ಸರಳರೇಖೆಯಲ್ಲೇ ಸಾಗುತ್ತೇವೆ. ಸಮತಲ ಆ ರೇಖೆಯುದ್ದಕ್ಕೂ ಶಂಕುವನ್ನು ಮುಟ್ಟಿಕೊಂಡಿರುತ್ತದೆ.

ಬೇರೆ ದಿಕ್ಕುಗಳಲ್ಲಿ ದೂರ ಹೋದಷ್ಟೂ ತಪ್ಪು ಬೇಗ ಬೆಳೆಯುತ್ತದೆ. ವ್ಯತ್ಯಾಸಗಳನ್ನು ಇಮ್ಮಡಿ ಮಾಡಿ 3.04 ಮತ್ತು 3.94 ತೆಗೆದುಕೊಳ್ಳಿ. ಅಂದಾಜು 4.976, ನಿಜ ಬೆಲೆ ಸುಮಾರು 4.976465. ದೂರ ಎರಡು ಪಟ್ಟಾಯಿತು, ತಪ್ಪು ಸುಮಾರು ನಾಲ್ಕು ಪಟ್ಟಾಯಿತು. ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಇದು ಒಳ್ಳೆಯ ಪರೀಕ್ಷೆ: ದೂರ ಇಮ್ಮಡಿಸಿದಾಗ ತಪ್ಪೂ ಬರೀ ಎರಡು ಪಟ್ಟಾದರೆ, ಯಾವುದೋ ಇಳಿಜಾರು ಅಥವಾ ಚಿಹ್ನೆ ತಪ್ಪಿರುವ ಸಾಧ್ಯತೆ ಹೆಚ್ಚು.

ಈ ವಿಧಾನ ಎಲ್ಲ ಬಿಂದುಗಳಲ್ಲೂ ನಡೆಯದು. ಶಂಕುವಿನ ತುದಿಯಾದ (0, 0)ಯಲ್ಲಿ ಆಂಶಿಕ ನಿಷ್ಪನ್ನಗಳೇ ಇಲ್ಲ, ಆದ್ದರಿಂದ ಸಮತಲವೂ ಇಲ್ಲ. ಇದಕ್ಕಿಂತ ಹೆಚ್ಚು ಮೋಸಗೊಳಿಸುವುದು g(x, y) = xy/√(x² + y²), g(0, 0) = 0 ಎಂಬ ಫಂಕ್ಷನ್. ಮೂಲಬಿಂದುವಿನಲ್ಲಿ ಇದರ ಎರಡೂ ಆಂಶಿಕ ನಿಷ್ಪನ್ನಗಳು ಸಿಗುತ್ತವೆ, ಎರಡೂ ಸೊನ್ನೆ. ಸೂತ್ರ ಕುರುಡಾಗಿ ಬಳಸಿದರೆ L = 0 ಬರುತ್ತದೆ. ಆದರೆ x = y ರೇಖೆಯ ಮೇಲೆ g ಬೆಲೆ ಯಾವಾಗಲೂ ಮೂಲಬಿಂದುವಿನಿಂದಿರುವ ದೂರದ ಅರ್ಧದಷ್ಟು. ಎಷ್ಟೇ ಹತ್ತಿರ ಬಂದರೂ ದೂರಕ್ಕೆ ಹೋಲಿಸಿದರೆ ತಪ್ಪು ಕಡಿಮೆಯಾಗುವುದಿಲ್ಲ. x ಮತ್ತು y ಅಕ್ಷಗಳ ಇಳಿಜಾರು ನೋಡಿದ ಮಾತ್ರಕ್ಕೆ ಓರೆಯಾದ ದಿಕ್ಕುಗಳಲ್ಲಿ ಮೇಲ್ಮೈ ಹೇಗಿದೆ ಎಂದು ತಿಳಿಯುವುದಿಲ್ಲ. ಆಧಾರ ಬಿಂದುವಿನ ಸುತ್ತಮುತ್ತ fx, fy ಎರಡೂ ಇದ್ದು, ಆ ಬಿಂದುವಿನಲ್ಲಿ ಅವು ಅವಿಚ್ಛಿನ್ನವಾಗಿದ್ದರೆ ಈ ತೊಂದರೆ ಬಾರದು. (3, 4)ರಲ್ಲಿ ನಮ್ಮ ವಿಕರ್ಣದ ಸೂತ್ರಕ್ಕೆ ಆ ಷರತ್ತು ಪೂರೈಸಿದೆ, ಏಕೆಂದರೆ ಅಲ್ಲಿ ಛೇದ ಸೊನ್ನೆಯಾಗುವುದಿಲ್ಲ.