38 ಸ್ಲೈಡ್, 5 ಉದ್ದೇಶ: ಕೊರತೆ ಸಿಕ್ಕಿದ್ದು ಎಲ್ಲಿ

ಮಲ್ಪೆಯ ಬೋಟಿನವರಿಗೆ ಮೀನು ಕೆಡದಂತೆ ಇಡುವ ತರಬೇತಿಯ ಸ್ಲೈಡ್ ಡೆಕ್ ಇದು. ಕಲಿಕೆಯ ಪ್ರತಿ ಉದ್ದೇಶವನ್ನೂ ಸ್ಲೈಡುಗಳು ಪೂರೈಸುತ್ತವೆಯೇ ಎಂದು ನೋಡಬೇಕಿತ್ತು. ಮೊದಲು ಸ್ಲೈಡಿನ ತಲೆಬರಹ ನೋಡಿ ಉದ್ದೇಶಕ್ಕೆ ಜೋಡಿಸಿದಾಗ ಒಂದೂ ಕೊರತೆ ಕಾಣಲಿಲ್ಲ. ತಪ್ಪು ಅಲ್ಲೇ ಇತ್ತು: ತಲೆಬರಹ ವಿಷಯ ಹೇಳುತ್ತದೆ, ಉದ್ದೇಶವಿರುವುದು ಕ್ರಿಯಾಪದದಲ್ಲಿ.

3ನೇ ಉದ್ದೇಶ, "ಹಿಡಿದ ಮೀನಿನ ತೂಕಕ್ಕೆ ಬೇಕಾದ ಐಸ್ ಲೆಕ್ಕ ಹಾಕುವುದು". 14ರಿಂದ 17ರವರೆಗೆ ನಾಲ್ಕೂ ಸ್ಲೈಡ್ ಐಸ್ ಬಗ್ಗೆಯೇ. ಒಂದರಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎಂದೂ ಇದೆ. ಆದರೆ 200 ಕಿಲೋ ಬಂಗುಡೆಗೆ ಎಷ್ಟು, ದಾರಿಯಲ್ಲಿ ಕರಗುವುದಕ್ಕೆ ಇನ್ನೆಷ್ಟು ಎಂದು ಕಲಿಯುವವರ ಕೈಯಲ್ಲಿ ಲೆಕ್ಕ ಮಾಡಿಸುವ ಸ್ಲೈಡ್ ಒಂದೂ ಇಲ್ಲ.

ಹಾಗಾಗಿ ಶೀಟಿನ A ಕಾಲಮ್‌ನಲ್ಲಿ ಸ್ಲೈಡ್ ಸಂಖ್ಯೆ, B ಯಲ್ಲಿ ಉದ್ದೇಶದ ಸಂಖ್ಯೆ ಉ1, ಉ2 ಎಂಬಂತೆ, C ಯಲ್ಲಿ "ಹೇಳಿದೆ", "ತೋರಿಸಿದೆ", "ಮಾಡಿಸಿದೆ" ಇವುಗಳಲ್ಲಿ ಒಂದು. ಆಮೇಲೆ:

```
=COUNTIFS(B:B,"ಉ3",C:C,"ಮಾಡಿಸಿದೆ")
```

ಸೊನ್ನೆ ಬಂದರೆ ಅದೇ ಕೊರತೆ. ಒಂದು ಸ್ಲೈಡ್ ಎರಡು ಉದ್ದೇಶಕ್ಕೆ ಸೇರಿದರೆ ಎರಡು ಸಾಲು ಬರೆಯಬೇಕು. ಒಂದೇ ಸೆಲ್‌ನಲ್ಲಿ "ಉ2, ಉ3" ಅಂತ ತುರುಕಿದರೆ ಈ ಸೂತ್ರ ಅದನ್ನು ಎಣಿಸುವುದಿಲ್ಲ, ಸುಳ್ಳು ಸೊನ್ನೆ ಬರುತ್ತದೆ.

B ಖಾಲಿ ಉಳಿದದ್ದು ಆರು ಸ್ಲೈಡ್, ಎಲ್ಲ ಬಂದರಿನ ಚಿತ್ರಗಳು. ಚಂದ ಇದ್ದವು, ನಿಜ. ಅವನ್ನು ತೆಗೆದು ಆ ಸಮಯವನ್ನು ಐಸ್ ಲೆಕ್ಕಕ್ಕೆ ಕೊಟ್ಟದ್ದಾಯಿತು.